ಫೋಟೊದಲ್ಲಿ ಮೂಗುಬೊಟ್ಟು ಕೂರಿಸುವುದು: ಮಿಂಚು ಎಲ್ಲಿ, ತಗ್ಗು ಎಷ್ಟು

ದಾವಣಗೆರೆಯ ಮಂಡಿಪೇಟೆಯಲ್ಲಾಗಲಿ ಚಿತ್ರದುರ್ಗದ ಪೇಟೆಯಲ್ಲಾಗಲಿ, ಫೋಟೊ ಸ್ಟುಡಿಯೋ ನಡೆಸುವವರಿಗೆ ಈ ಕೆಲಸ ಹೊಸದಲ್ಲ. ಮನೆಯ ಹಿರಿಯರೊಬ್ಬರು ತೀರಿಕೊಂಡಿರುತ್ತಾರೆ, ಶಿವಗಣಾರಾಧನೆಯ ಹೊತ್ತಿಗೆ ದೊಡ್ಡ ಫೋಟೊ ಬೇಕಾಗಿರುತ್ತದೆ. ಮನೆಯವರ ಕೈಯಲ್ಲಿರುವ ಒಳ್ಳೆಯ ಫೋಟೊ ಅಂದರೆ ಒಡವೆಯನ್ನೆಲ್ಲ ಬಿಚ್ಚಿಟ್ಟಿದ್ದ ದಿನ ಯಾರೋ ಮೊಬೈಲಿನಲ್ಲಿ ತೆಗೆದದ್ದು. "ಅಣ್ಣ, ನಮ್ಮವ್ವಗೆ ಮೂಗುಬೊಟ್ಟು ಇಲ್ಲದಿದ್ರೆ ಗುರುತೇ ಸಿಗಲ್ರಿ, ಒಂದು ಹಾಕಿ ಕೊಡ್ರಿ" ಅನ್ನುತ್ತಾರೆ. ಕೇಳಲು ಐದು ನಿಮಿಷದ ಕೆಲಸ. ಇಂಟರ್ನೆಟ್ಟಿನಿಂದ ಒಂದು ಬೊಟ್ಟಿನ ಚಿತ್ರ ಇಳಿಸಿಕೊಂಡು ಮೂಗಿನ ಮೇಲೆ ಇಟ್ಟರೆ ಆಯಿತು ಅಂತ ಹಲವರು ಮಾಡುವುದೂ ಹಾಗೆಯೇ. ಆದರೆ ಹಾಗೆ ಇಟ್ಟ ಮೂಗುಬೊಟ್ಟು ಹಣೆಯ ಟಿಕಲಿ ಜಾರಿ ಮೂಗಿಗೆ ಅಂಟಿಕೊಂಡ ಹಾಗೆ ಕಾಣುತ್ತದೆ.

ಹೀಗಾಗಲು ಬೊಟ್ಟಿನ ಚಿತ್ರ ಚೆನ್ನಾಗಿಲ್ಲದಿರುವುದು ಕಾರಣವಲ್ಲ. ನಿಜವಾದ ಮೂಗುಬೊಟ್ಟು ಚರ್ಮದ ಮೇಲೆ ಸುಮ್ಮನೆ ಕೂತಿರುವುದಿಲ್ಲ. ಹಿಂದಿನಿಂದ ತಿರುಪು ಅದನ್ನು ಎಳೆದು ಹಿಡಿದಿರುತ್ತದೆ. ಹೊಳ್ಳೆಯ ಮೆತ್ತನೆಯ ಚರ್ಮ ಆ ಎಳೆತಕ್ಕೆ ಸ್ವಲ್ಪ ಒಳಕ್ಕೆ ಹೋಗಿ, ಬೊಟ್ಟಿನ ಸುತ್ತ ಕೂದಲೆಳೆಯಷ್ಟು ಮೇಲೇಳುತ್ತದೆ. ನಲವತ್ತು ವರ್ಷ ಹಾಕಿಕೊಂಡವರಲ್ಲಿ ಆ ತಗ್ಗು ಕಾಯಮ್ಮಾಗಿಯೇ ಇರುತ್ತದೆ. ಫೋಟೊದಲ್ಲಿ ನಂಬಿಕೆ ಹುಟ್ಟಿಸುವುದು ಈ ತಗ್ಗು. ಬೊಟ್ಟಿನ ಮೇಲಿನ ಹೊಳಪಿನ ಚುಕ್ಕೆಗೆ ಎರಡನೆಯ ಸ್ಥಾನ. ಹಾಗಾಗಿ ಇಲ್ಲಿ ಒಂದೇ ಉದಾಹರಣೆಯನ್ನು ಹಿಡಿದು ಮೊದಲಿಂದ ಕೊನೆಯವರೆಗೆ ನೋಡೋಣ: ಎದುರಿನಿಂದ ತೆಗೆದ ಮುಖ, ನಾಲ್ಕು ಮಿಲಿಮೀಟರಿನ ಬಂಗಾರದ ಗುಂಡಿನ ಮೂಗುಬೊಟ್ಟು, 12 ಇಂಚು ಅಗಲ 18 ಇಂಚು ಎತ್ತರದ ಫ್ರೇಮು. ಸಾಫ್ಟ್‌ವೇರ್ ಫೋಟೊಶಾಪ್ ಎಂದಿಟ್ಟುಕೊಳ್ಳೋಣ. ಗಿಂಪ್‌ನಲ್ಲಿ ಮಾಡುವವರಿಗೂ ಹೆಚ್ಚಿನ ಹೆಸರುಗಳು ಅವೇ. Liquify ಬದಲಿಗೆ ಅಲ್ಲಿ Warp Transform ಇದೆ.

ಕೂರುವ ಮುಂಚೆ ಕೇಳಬೇಕಾದದ್ದು

ಮೊದಲ ಪ್ರಶ್ನೆ ಎಡವೋ ಬಲವೋ ಅಂತ. ಇದನ್ನು ಊಹಿಸಿ ಹಾಕಬಾರದು. ಮನೆತನ ಮನೆತನಕ್ಕೆ ಬದಲಾಗುತ್ತದೆ, ಮಗನಿಗಿಂತ ಮಗಳಿಗೆ ಅಥವಾ ಸೊಸೆಗೆ ಚೆನ್ನಾಗಿ ಗೊತ್ತಿರುತ್ತದೆ. ಅವರ ಬಲ ಹೊಳ್ಳೆ ಅಂದರೆ ಫೋಟೊದಲ್ಲಿ ನಮ್ಮ ಎಡಕ್ಕೆ ಬರುತ್ತದೆ ಎನ್ನುವುದನ್ನು ಅಲ್ಲೇ ಬೆರಳಿಟ್ಟು ತೋರಿಸಿ ಖಾತ್ರಿ ಮಾಡಿಕೊಳ್ಳುವುದು ಒಳ್ಳೆಯದು. ಇನ್ನೊಂದು ತೊಡಕೂ ಇದೆ. ಕೆಲವು ಫೋನುಗಳ ಮುಂದಿನ ಕ್ಯಾಮೆರಾ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿ ಸೇವ್ ಮಾಡುತ್ತದೆ. ಸೆರಗು ಯಾವ ಹೆಗಲ ಮೇಲಿದೆ ನೋಡಿದರೆ ಸಾಮಾನ್ಯವಾಗಿ ತಿಳಿಯುತ್ತದೆ, ಆದರೆ ಹಳೆಯ ಕಾಲದವರು ಬಲಕ್ಕೆ ಸೆರಗು ಹಾಕುವುದೂ ಉಂಟು. ಹಿಂದೆ ಗೋಡೆಯ ಮೇಲೆ ಕ್ಯಾಲೆಂಡರ್ ಇದ್ದು ಅಕ್ಷರ ಓದಲು ಬಂದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಎರಡನೆಯದು, ಮೂಗುಬೊಟ್ಟು ಹಾಕಲೇಬೇಕೇ ಅನ್ನುವುದು. ಗಂಡ ತೀರಿಕೊಂಡ ಮೇಲೆ ಮೂಗುಬೊಟ್ಟು ತೆಗೆದಿಟ್ಟವರ ಫೋಟೊಗೆ ಹಾಕಬೇಕೋ ಬೇಡವೋ ಎಂಬುದರಲ್ಲಿ ಒಂದೇ ಮನೆಯಲ್ಲಿ ಎರಡು ಮಾತು ಇರಬಹುದು. ಪ್ರಿಂಟ್ ತೆಗೆದ ಮೇಲೆ ಆ ಜಗಳ ಅಂಗಡಿಗೆ ಬರುವುದಕ್ಕಿಂತ ಮೊದಲೇ ಹಿರಿಯರ ಬಾಯಿಂದ ಕೇಳಿಸಿಕೊಳ್ಳುವುದು ಮೇಲು. ಮೂರನೆಯದು, ಅದೇ ಮೂಗುಬೊಟ್ಟು ಕಾಣುವ ಬೇರೆ ಯಾವುದಾದರೂ ಫೋಟೊ, ಮದುವೆ ಆಲ್ಬಮ್ಮಿನದ್ದಾದರೂ ಸರಿ. ಇನ್ನು ಫೈಲು. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದರೆ ಫೋಟೊ ಕುಗ್ಗಿ, ಚರ್ಮದ ಸೂಕ್ಷ್ಮವೆಲ್ಲ ಕಲಸಿಹೋಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಹಾಗೆಯೇ, ಇದು ಗೋಡೆಗೆ ಹಾಕುವ ಫೋಟೊಗೆ ಮಾತ್ರ. ಪಾಸ್‌ಪೋರ್ಟಿಗೋ ಬೇರೆ ಗುರುತಿನ ಚೀಟಿಗೋ ಕೊಡುವ ಫೋಟೊದಲ್ಲಿ ಮುಖಕ್ಕೆ ಏನನ್ನೂ ಸೇರಿಸುವಂತಿಲ್ಲ.

ಅಳತೆ ಕಣ್ಣಿನಲ್ಲೇ ಇದೆ

ಮೂಗುಬೊಟ್ಟನ್ನು ಕಣ್ಣಂದಾಜಿನಲ್ಲಿ ಇಟ್ಟರೆ ಹೆಚ್ಚಾಗಿ ದೊಡ್ಡದೇ ಆಗುತ್ತದೆ. ಸ್ಕ್ರೀನಿನಲ್ಲಿ ಮೂಗನ್ನು ದೊಡ್ಡದು ಮಾಡಿಕೊಂಡು ಕೆಲಸ ಮಾಡುತ್ತೇವಲ್ಲ, ಅದಕ್ಕೆ. ಅಳೆಯಲು ಒಂದು ನಂಬುವ ದಾರಿ ಇದೆ. ದೊಡ್ಡವರ ಕಣ್ಣಿನ ಕರಿಗುಡ್ಡೆಯ ಅಡ್ಡಗಲ ಒಬ್ಬರಿಂದ ಒಬ್ಬರಿಗೆ ಬಹಳ ಬದಲಾಗುವುದಿಲ್ಲ, ಹತ್ತಿರ ಹತ್ತಿರ 12 ಮಿಲಿಮೀಟರ್. ನಮ್ಮ ಫೋಟೊವನ್ನು 12×18 ಇಂಚಿಗೆ, ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಹೊಂದಿಸಿದರೆ 3600×5400 ಪಿಕ್ಸೆಲ್ ಆಗುತ್ತದೆ. ಅದರಲ್ಲಿ ಕರಿಗುಡ್ಡೆಯ ಅಗಲ ಅಳೆದಾಗ 72 ಪಿಕ್ಸೆಲ್ ಬಂತು ಎನ್ನೋಣ. ಹನ್ನೆರಡರಿಂದ ಭಾಗಿಸಿದರೆ ಒಂದು ಮಿಲಿಮೀಟರಿಗೆ 6 ಪಿಕ್ಸೆಲ್. ನಾಲ್ಕು ಮಿಲಿಮೀಟರಿನ ಗುಂಡು 24 ಪಿಕ್ಸೆಲ್ ಆಗಬೇಕು. ಅಷ್ಟೇನಾ ಅನ್ನಿಸುತ್ತದೆ, ಆದರೆ ಅಷ್ಟೇ. ಅಡ್ಡಗಲವನ್ನೇ ಅಳೆಯಬೇಕು, ಏಕೆಂದರೆ ಮೇಲ್ಭಾಗವನ್ನು ರೆಪ್ಪೆ ಮುಚ್ಚಿರುತ್ತದೆ. ಕಣ್ಣು ಪಕ್ಕಕ್ಕೆ ನೋಡುತ್ತಿದ್ದರೆ ಈ ಅಳತೆ ಕಮ್ಮಿ ತೋರಿಸುತ್ತದೆ, ಆಗ ನೇರವಾಗಿರುವ ಕಣ್ಣನ್ನು ಹಿಡಿಯಬೇಕು.

ಜಾಗ ಹುಡುಕಲು ಫೋಟೊವನ್ನು 300 ಪರ್ಸೆಂಟಿಗೆ ಹಿಗ್ಗಿಸಿ ಹೊಳ್ಳೆಯನ್ನು ನಿಧಾನವಾಗಿ ನೋಡಿ. ಮೂಗು ಚುಚ್ಚಿಸಿಕೊಂಡವರಾದರೆ ಹಳೆಯ ತೂತಿನ ಗುರುತು, ಒಂದೆರಡು ಪಿಕ್ಸೆಲ್ಲಿನ ಕಪ್ಪು ಚುಕ್ಕೆಯಾಗಿ, ಎಷ್ಟೋ ಸಲ ಸಿಕ್ಕಿಬಿಡುತ್ತದೆ. ಗುಂಡಿನ ನಡು ಅಲ್ಲಿಗೇ ಬರಬೇಕು. ಗುರುತು ಸಿಗದಿದ್ದರೆ, ಹೊಳ್ಳೆಯ ಉಬ್ಬು ಮುಗಿದು ಮೂಗಿನ ಪಕ್ಕೆಗೆ ಸೇರುವ ಕಡೆ ಒಂದು ಗೆರೆಯಂಥ ಮಡಿಕೆ ಇರುತ್ತದೆ. ಅಕ್ಕಸಾಲಿಗರು ಚುಚ್ಚುವುದು ಹೆಚ್ಚಾಗಿ ಆ ಮಡಿಕೆಯ ಆಸುಪಾಸಿನಲ್ಲೇ. ಉಬ್ಬಿನ ನಟ್ಟನಡುವೆ ಇಟ್ಟರೆ ಮೂಗೇ ಊದಿದ ಹಾಗೆ ಕಾಣುತ್ತದೆ.

ಬೆಳಕು ಎಲ್ಲಿಂದ ಬಂತು

ಇದಕ್ಕೂ ಕಣ್ಣನ್ನೇ ಕೇಳಬೇಕು. ಕರಿಗುಡ್ಡೆಯ ಮೇಲೆ ಒಂದು ಬಿಳಿ ಮಿಂಚು ಇರುತ್ತದೆ. ಅದು ಗಡಿಯಾರದ ಹತ್ತು ಗಂಟೆಯ ಕಡೆ ಇದ್ದರೆ ಬೆಳಕು ನಮ್ಮ ಎಡಗಡೆ ಮೇಲಿನಿಂದ ಬಂದಿದೆ. ಮೂಗಿನ ನೆರಳು ಬಲಕ್ಕೆ ಕೆಳಕ್ಕೆ ಬಿದ್ದಿದೆಯೇ ನೋಡಿ, ಎರಡೂ ಒಂದೇ ಮಾತು ಹೇಳಬೇಕು. ನಮ್ಮ ಉದಾಹರಣೆಯಲ್ಲಿ ತಲೆಬಾಗಿಲ ಹತ್ತಿರ ಕೂರಿಸಿ ತೆಗೆದ ಫೋಟೊ, ಬಾಗಿಲ ಬೆಳಕು ಎಡಗಡೆಯಿಂದ, ಸುಮಾರು 45 ಡಿಗ್ರಿ ಓರೆಯಾಗಿ ಬಂದಿದೆ. ಮೂಗುಬೊಟ್ಟೂ ಅದೇ ಬದಿಗೆ, ಅಂದರೆ ಅವರ ಬಲ ಹೊಳ್ಳೆಗೆ.

ತಗ್ಗು: ಎಲ್ಲರೂ ತಿರುವುಮುರುವು ಮಾಡುವ ಜಾಗ

ಮೊದಲು ಚರ್ಮ, ಆಮೇಲೆ ಬಂಗಾರ. ಈ ಕ್ರಮ ಬಿಟ್ಟು ಮೊದಲು ಬೊಟ್ಟು ಇಟ್ಟು ಆಮೇಲೆ ಸುತ್ತ ನೆರಳು ಬಳಿದರೆ, ಬೊಟ್ಟಿನ ಸುತ್ತ ಕಾಡಿಗೆ ಹಚ್ಚಿದ ಹಾಗೆ ಕಪ್ಪು ಉಂಗುರ ಬರುತ್ತದೆ. ಅದೇ ಎಲ್ಲಕ್ಕಿಂತ ಮಾಮೂಲಿ ತಪ್ಪು.

ತಗ್ಗಿನಲ್ಲಿ ಬೆಳಕು ಹೇಗೆ ಬೀಳುತ್ತದೆ ಎನ್ನುವುದನ್ನು ಒಂದು ಸಲ ಸರಿಯಾಗಿ ತಿಳಿದುಕೊಂಡರೆ ಉಳಿದದ್ದು ಸಲೀಸು. ಬೆಳಕು ಎಡಗಡೆಯಿಂದ ಬರುತ್ತಿದೆ. ಒಂದು ಉಬ್ಬು ಇದ್ದರೆ ಅದರ ಎಡಬದಿ ಬೆಳಕಿಗೆ ಮುಖ ಮಾಡಿರುತ್ತದೆ, ಅದು ಬೆಳ್ಳಗೆ, ಬಲಬದಿ ಕಪ್ಪಗೆ. ತಗ್ಗು ಇದ್ದರೆ ಉಲ್ಟಾ. ಎಡಗಡೆಯ ಗೋಡೆ ಬೆಳಕಿನಿಂದ ಆಚೆಗೆ ಇಳಿಯುತ್ತದೆ, ಹಾಗಾಗಿ ಅದು ಕಪ್ಪಗೆ. ಬಲಗಡೆಯ ಗೋಡೆ ಬೆಳಕಿಗೆ ಎದುರಾಗಿ ಏರುತ್ತದೆ, ಅದು ಬೆಳ್ಳಗೆ. ಬೊಟ್ಟು ಉಬ್ಬು, ಅದು ಕೂತ ಜಾಗ ತಗ್ಗು. ಅಂದರೆ ಒಂದರ ಪಕ್ಕ ಒಂದು, ಎರಡು ವಿರುದ್ಧ ಲೆಕ್ಕಗಳು. ಇದನ್ನು ತಿರುವುಮುರುವು ಮಾಡಿ ಬೆಳಕಿನ ಬದಿಯ ಚರ್ಮವನ್ನು ಬೆಳ್ಳಗೆ ಮಾಡಿದರೆ, ಬೊಟ್ಟು ಒಂದು ಮೊಡವೆಯ ತುದಿಯಲ್ಲಿ ಕೂತಂತೆ ಕಾಣುತ್ತದೆ. ನೋಡುವವರಿಗೆ ಏನು ತಪ್ಪಾಗಿದೆ ಅಂತ ಹೇಳಲು ಬರುವುದಿಲ್ಲ, "ಯಾಕೋ ಮೂಗಿಗೆ ಬಾವು ಬಂದಂಗೈತಲ್ರಿ" ಅನ್ನುತ್ತಾರೆ.

ಈಗ ಮಾಡುವ ಕ್ರಮ. ಫೋಟೊದ ಲೇಯರ್‌ನ ಒಂದು ನಕಲು ತೆಗೆದು, ಆ ನಕಲಿನ ಮೇಲೆ Liquify ತೆರೆಯಿರಿ. ಅಲ್ಲಿ Pucker ಎಂಬ ಸಾಧನ ಚರ್ಮವನ್ನು ನಡುವಿಗೆ ಎಳೆಯುತ್ತದೆ. ಬ್ರಷ್ ಅಳತೆ 40 ಪಿಕ್ಸೆಲ್, ಅಂದರೆ ಗುಂಡಿಗಿಂತ ದೊಡ್ಡದು. ಒತ್ತಡ ಹತ್ತು ಹದಿನೈದರಷ್ಟು ಕಮ್ಮಿ. ಬೊಟ್ಟಿನ ನಡು ಬರುವ ಕಡೆ ಒಂದು ಸಲ ಒತ್ತಿ ಬಿಟ್ಟರೆ ಸಾಕು. ಚರ್ಮದ ರಂಧ್ರಗಳು, ಸುಕ್ಕುಗಳು ಬೊಟ್ಟಿನ ಕಡೆಗೆ ಸ್ವಲ್ಪ ಬಾಗುತ್ತವೆ. ಇದರ ನಡುಭಾಗವನ್ನು ಆಮೇಲೆ ಗುಂಡು ಮುಚ್ಚಿಬಿಡುತ್ತದೆ. ಉಳಿದ ಅಂಚಷ್ಟೇ ನಮಗೆ ಬೇಕಿರುವುದು. ಒತ್ತಿ ಹಿಡಿದುಕೊಂಡರೆ ಮೂಗು ಚಿವುಟಿದ ಹಾಗಾಗುತ್ತದೆ.

ಅದರ ಮೇಲೆ ಹೊಸ ಲೇಯರ್ ತೆಗೆದು ಅದನ್ನು Multiply ಮಾಡಿ. ನೆರಳಿನ ಬಣ್ಣಕ್ಕೆ ಕಪ್ಪು ಅಥವಾ ಬೂದಿ ಮುಟ್ಟಲೇಬೇಡಿ. ಚರ್ಮದೊಳಗೆ ಹೊಕ್ಕ ಬೆಳಕು ರಕ್ತದ ಕೆಂಪು ಹೊತ್ತು ಹೊರಬರುತ್ತದೆ, ಹೊಳ್ಳೆಯಂಥ ತೆಳು ಜಾಗದಲ್ಲಿ ಇನ್ನೂ ಹೆಚ್ಚು. ಅದಕ್ಕೇ ಅಲ್ಲಿನ ನೆರಳು ಇಟ್ಟಿಗೆಯ ಕಡೆಗಿನ ಕಂದು. ಆ ಬಣ್ಣ ಎಲ್ಲಿಂದಲೋ ತರಬೇಕಿಲ್ಲ, ಅದೇ ಫೋಟೊದಲ್ಲಿ ಮೂಗಿನ ಕೆಳಗೆ, ಮೇಲ್ದುಟಿಯ ಹತ್ತಿರ ಇರುವ ನೆರಳಿನಿಂದ ಹೆಕ್ಕಿಕೊಳ್ಳಿ. ಒಂದು ಪಿಕ್ಸೆಲ್ಲನ್ನು ಹೆಕ್ಕಿದರೆ ಕಲೆಯ ಬಣ್ಣ ಬರಬಹುದು, Eyedropper ಅನ್ನು 5 by 5 Average ಗೆ ಇಟ್ಟರೆ ನಂಬಬಹುದು.

ಈ ಬಣ್ಣದಿಂದ ಮೂರು ಕಡೆ ಬಳಿಯಬೇಕು, ಮೂರೂ ಬೇರೆ ಬೇರೆ ಲೇಯರಿನಲ್ಲಿ. ಮೊದಲನೆಯದು ಬೊಟ್ಟು ಚರ್ಮಕ್ಕೆ ತಾಗುವ ಗೆರೆ. ಗುಂಡಿನ ಸುತ್ತ ಒಂದು ಪಿಕ್ಸೆಲ್ ದಪ್ಪ, Opacity 60ರ ಸುತ್ತ. ಇಲ್ಲಿ ಬೆಳಕೇ ಹೋಗುವುದಿಲ್ಲ, ಹಾಗಾಗಿ ಎಲ್ಲಕ್ಕಿಂತ ಗಾಢ, ಆದರೆ ಎಲ್ಲಕ್ಕಿಂತ ಸಣ್ಣದು. ಎರಡನೆಯದು ಬೆಳಕಿನ ಬದಿಯ ಇಳಿಜಾರು. ಎಡಗಡೆ ಮೇಲೆ, ಚೌತಿಯ ಚಂದ್ರನ ಆಕಾರ, ಮೂರು ಪಿಕ್ಸೆಲ್ ಅಗಲ, ಮೆತ್ತನೆಯ ಬ್ರಷ್, Opacity 25ನ್ನು ದಾಟಬಾರದು. ಮೂರನೆಯದು ಗುಂಡಿನ ನೆರಳು. ಬಲಗಡೆ ಕೆಳಗೆ, ನಾಲ್ಕೈದು ಪಿಕ್ಸೆಲ್ ಉದ್ದ, ಗುಂಡಿನ ಹತ್ತಿರ ಗಾಢ, ದೂರಕ್ಕೆ ಹೋದಂತೆ ತಿಳಿ, 50ರಷ್ಟು. ಬಾಗಿಲಿನಂಥ ಅಗಲ ಬೆಳಕಾದರೆ ನೆರಳಿನ ಅಂಚಿಗೆ Gaussian Blur 1.5 ಪಿಕ್ಸೆಲ್ ಕೊಡಬಹುದು. ನಡುಮಧ್ಯಾಹ್ನದ ಬಿಸಿಲಾದರೆ ಅರ್ಧ ಪಿಕ್ಸೆಲ್ ಸಾಕು, ಬಿಸಿಲಿನ ನೆರಳಿಗೆ ಅಂಚು ಚೂಪು.

ಇನ್ನು ಬೆಳಗುವ ಅಂಚು. ನೆರಳು ಮುಗಿದ ಮೇಲೆ, ಅದರಾಚೆ, ತಗ್ಗಿನ ಬಲಗೋಡೆ ಏರುವ ಕಡೆ ಒಂದು ತೆಳು ಬಿಳಿ ಚಂದ್ರ. Soft Light ಲೇಯರಿನಲ್ಲಿ ಕೆನ್ನೆಯ ಬೆಳಕಿನ ಬಣ್ಣ ತೆಗೆದು ಎರಡು ಪಿಕ್ಸೆಲ್ ಅಗಲಕ್ಕೆ ಎಳೆದು, Opacity 15ರ ಸುತ್ತ ಇಡಿ. ಇದು ಕಂಡೂ ಕಾಣದ ಹಾಗಿರಬೇಕು. ಲೇಯರಿನ ಕಣ್ಣು ಆರಿಸಿ ಹಚ್ಚಿ ನೋಡಿದಾಗ ಮಾತ್ರ ವ್ಯತ್ಯಾಸ ಗೊತ್ತಾದರೆ ಪ್ರಮಾಣ ಸರಿಯಿದೆ. ಆರಿಸದೆಯೇ ಕಣ್ಣಿಗೆ ಹೊಡೆದರೆ ಜಾಸ್ತಿಯಾಗಿದೆ.

ಗುಂಡು ಇಟ್ಟ ಮೇಲೆ ಮಾಡುವ ಇನ್ನೊಂದು ಸಣ್ಣ ಕೆಲಸವಿದೆ. ಹತ್ತರಲ್ಲಿ ಒಂಬತ್ತು ಕಡೆ ಇದನ್ನು ಬಿಟ್ಟಿರುತ್ತಾರೆ. ಮೂಗಿನ ಕಡೆಯ ಅಂಚಿನಲ್ಲಿ ಎದ್ದ ಚರ್ಮ ಗುಂಡಿನ ಬುಡವನ್ನು ಸ್ವಲ್ಪ ಮುಚ್ಚಿರುತ್ತದೆ. ಗುಂಡಿನ ಲೇಯರಿಗೆ ಮಾಸ್ಕ್ ಹಾಕಿ, ಆ ಬದಿಯಲ್ಲಿ ಒಂದು, ಹೆಚ್ಚೆಂದರೆ ಎರಡು ಪಿಕ್ಸೆಲ್ ಅಳಿಸಿದರೆ ವೃತ್ತ ಪೂರ್ತಿ ವೃತ್ತವಾಗಿ ಉಳಿಯುವುದಿಲ್ಲ. ಅಷ್ಟರಲ್ಲೇ ಅದು ಚರ್ಮದ ಮೇಲಿಂದ ಚರ್ಮದೊಳಕ್ಕೆ ಇಳಿಯುತ್ತದೆ.

ಬಂಗಾರಕ್ಕೆ ನಾಲ್ಕು ಬಣ್ಣ

ಬಂಗಾರ ಅಂದರೆ ಹಳದಿ ಅಂದುಕೊಂಡು ಹಳದಿ ವೃತ್ತ ಬಳಿದರೆ ಅರಿಸಿನದ ಬೊಟ್ಟು ಆಗುತ್ತದೆ. ಲೋಹಕ್ಕೆ ಮಣ್ಣಿನ ಹಾಗೆ ನಿಧಾನವಾಗಿ ಇಳಿಯುವ ನೆರಳಿಲ್ಲ. ಅದು ಸುತ್ತ ಇರುವುದನ್ನು ಪ್ರತಿಫಲಿಸುತ್ತದೆ, ಬೆಳಕಿನ ಬಾಗಿಲು ಕಂಡ ಕಡೆ ಬೆಳ್ಳಗೆ, ಮನೆಯೊಳಗಿನ ಕತ್ತಲೆ ಕಂಡ ಕಡೆ ಕಪ್ಪಗೆ, ಎರಡೂ ಅಕ್ಕಪಕ್ಕದಲ್ಲೇ. ಇಪ್ಪತ್ತನಾಲ್ಕು ಪಿಕ್ಸೆಲ್ಲಿನ ಗುಂಡಿಗೆ ನಾಲ್ಕು ಬಣ್ಣ ಸಾಕು: ಗಾಢ ಕಂದು, ನಡುವಿನ ಬಂಗಾರ, ತಿಳಿ ಹಳದಿ, ಮಿಂಚಿನ ಚುಕ್ಕೆ. ಈ ಬಣ್ಣಗಳನ್ನು ಹೆಕ್ಕಲು ಅದೇ ಫೋಟೊದಲ್ಲಿ ಕಿವಿಯ ಬೆಂಡೋಲೆಯೋ ಕೈಬಳೆಯೋ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಅದೇ ಬೆಳಕು, ಅದೇ ಕ್ಯಾಮೆರಾ. ಹಳದಿ ಬಲ್ಬಿನಡಿ ತೆಗೆದ ಫೋಟೊದಲ್ಲಿ ಬಂಗಾರ ಕಿತ್ತಳೆಗೆ ತಿರುಗಿರುತ್ತದೆ, ಟ್ಯೂಬ್‌ಲೈಟಿನಡಿ ಹಸಿರು ಛಾಯೆ ಇರಬಹುದು. ಬೇರೆಲ್ಲಿಂದಲೋ ತಂದ ಬಂಗಾರದ ಬಣ್ಣ ಇಲ್ಲಿಗೆ ಹೊಂದುವುದಿಲ್ಲ.

24 ಪಿಕ್ಸೆಲ್ಲಿನ ವೃತ್ತವನ್ನು ನಡುವಿನ ಬಂಗಾರದಿಂದ ತುಂಬಿ. ಬಲಗಡೆ ಕೆಳಗಿನ ಅರ್ಧಕ್ಕೆ ಗಾಢ ಕಂದು, ಆದರೆ ಅಂಚಿನವರೆಗೆ ಬೇಡ. ಕಟ್ಟಕಡೆಯ ಒಂದು ಪಿಕ್ಸೆಲ್ಲಿನಲ್ಲಿ ಕೆನ್ನೆಯ ಬಣ್ಣ ಸ್ವಲ್ಪ ಬೆರೆಸಿ. ಚರ್ಮದಿಂದ ಚಿಮ್ಮಿದ ಬೆಳಕು ಲೋಹಕ್ಕೆ ಹೊಡೆದು ಅಲ್ಲೊಂದು ಕೆಂಪು ಛಾಯೆ ಇರುತ್ತದೆ. ಎಡಗಡೆ ಮೇಲೆ ತಿಳಿ ಹಳದಿ.

ಮಿಂಚಿನ ಚುಕ್ಕೆಗೂ ಲೆಕ್ಕ ಉಂಟು

ಹೊಳಪಿನ ಚುಕ್ಕೆಯನ್ನು ಹಲವರು ಬೆಳಕಿನ ಕಡೆಯ ಅಂಚಿಗೇ ತಂದು ಇಡುತ್ತಾರೆ. ಅದು ತಪ್ಪು. ಕನ್ನಡಿಗೆ ಬೆಳಕು ಎಷ್ಟು ಓರೆಯಾಗಿ ಬಿದ್ದಿತೋ ಅಷ್ಟೇ ಓರೆಯಾಗಿ ವಾಪಸು ಹೋಗುತ್ತದೆ. ಹಾಗಾಗಿ ಗುಂಡಿನ ಮೇಲೆ ಬೆಳಕಿನ ದಿಕ್ಕಿಗೂ ಕ್ಯಾಮೆರಾದ ದಿಕ್ಕಿಗೂ ಸರಿಯಾಗಿ ಮಧ್ಯದಲ್ಲಿ ಮುಖ ಮಾಡಿರುವ ಜಾಗದಿಂದ ಮಾತ್ರ ಮಿಂಚು ನಮ್ಮ ಕಣ್ಣಿಗೆ ಬರುತ್ತದೆ. ಬೆಳಕು 45 ಡಿಗ್ರಿ ಓರೆ ಇದ್ದರೆ ಮಧ್ಯ ಅಂದರೆ 22.5 ಡಿಗ್ರಿ. ಗುಂಡಿನ ನಡುವಿನಿಂದ ಆ ಜಾಗ ತ್ರಿಜ್ಯದ 0.38 ಭಾಗದಷ್ಟು ದೂರದಲ್ಲಿರುತ್ತದೆ. ನಮ್ಮ ತ್ರಿಜ್ಯ 12 ಪಿಕ್ಸೆಲ್, ಹಾಗಾಗಿ ಚುಕ್ಕೆ ನಡುವಿನಿಂದ ಐದು ಪಿಕ್ಸೆಲ್ಲಿಗಿಂತ ಸ್ವಲ್ಪ ಕಮ್ಮಿ ದೂರದಲ್ಲಿ, ಹತ್ತು ಗಂಟೆಯ ದಿಕ್ಕಿಗೆ. ಅಂಚಿಗಿಂತ ನಡುವಿಗೇ ಹತ್ತಿರ. ಬೆಳಕು 60 ಡಿಗ್ರಿ ಓರೆ ಇದ್ದರೂ ಅರ್ಧ ತ್ರಿಜ್ಯಕ್ಕೆ ಮಾತ್ರ ಬರುತ್ತದೆ. ಕ್ಯಾಮೆರಾ ಮೇಲಿನ ಫ್ಲ್ಯಾಶಿನಲ್ಲಿ ತೆಗೆದದ್ದಾದರೆ ಚುಕ್ಕೆ ಹೆಚ್ಚುಕಮ್ಮಿ ನಡುವಿನಲ್ಲೇ, ತಗ್ಗಿನ ನೆರಳು ಇಲ್ಲವೆನ್ನುವಷ್ಟು ಕಮ್ಮಿ. ಆಗ ತಾಗುವ ಗೆರೆಯೊಂದೇ ಎಲ್ಲ ಕೆಲಸ ಮಾಡಬೇಕು.

ಚುಕ್ಕೆಯ ಅಳತೆಗೂ ಕಣ್ಣಿನ ಮಿಂಚೇ ಆಧಾರ. ಕಣ್ಣಿನ ಮುಂಭಾಗದ ಪಾರದರ್ಶಕ ಉಬ್ಬಿನ ತ್ರಿಜ್ಯ ಸುಮಾರು 8 ಮಿಲಿಮೀಟರ್, ನಮ್ಮ ಗುಂಡಿನದು 2. ಉಬ್ಬಿದ ಕನ್ನಡಿಯಲ್ಲಿ ದೂರದ ಬೆಳಕಿನ ಬಿಂಬ ತ್ರಿಜ್ಯಕ್ಕೆ ತಕ್ಕಂತೆ ಚಿಕ್ಕದಾಗುತ್ತದೆ. ಅಂದರೆ ಕಣ್ಣಿನ ಮಿಂಚು 16 ಪಿಕ್ಸೆಲ್ ಉದ್ದವಿದ್ದರೆ ಗುಂಡಿನ ಮಿಂಚು ಅದರ ಕಾಲು ಭಾಗ, 4 ಪಿಕ್ಸೆಲ್. ಆಕಾರವೂ ಅದೇ. ಕಣ್ಣಿನಲ್ಲಿ ಬಾಗಿಲಿನ ಉದ್ದನೆಯ ಬಿಂಬ ಇದ್ದರೆ ಗುಂಡಿನಲ್ಲೂ ಸ್ವಲ್ಪ ಉದ್ದಕ್ಕೆ. ಸ್ಟುಡಿಯೋದಲ್ಲಿ ಎರಡು ಲೈಟ್ ಹಾಕಿ ತೆಗೆದಿದ್ದು ಕಣ್ಣಿನಲ್ಲಿ ಎರಡು ಮಿಂಚು ಕಂಡರೆ ಗುಂಡಿಗೂ ಎರಡು, ಚಿಕ್ಕದನ್ನು ಮಸುಕಾಗಿ. ಬಣ್ಣ ಅಪ್ಪಟ ಬಿಳಿ ಬೇಡ. ಬಂಗಾರ ತನ್ನ ಮೇಲೆ ಬಿದ್ದ ಬೆಳಕಿಗೂ ಹಳದಿ ಹಚ್ಚಿ ಕಳಿಸುತ್ತದೆ. ನಡುವಿನ ಒಂದೆರಡು ಪಿಕ್ಸೆಲ್ ಬಿಳಿಗೆ ಹತ್ತಿರ, ಅಂಚು ತಿಳಿ ಹಳದಿ. ನಕ್ಷತ್ರದ ಹಾಗೆ ಕಿರಣ ಎಳೆಯುವುದು ಒಡವೆ ಅಂಗಡಿಯ ಫ್ಲೆಕ್ಸಿಗೆ ಸರಿ, ಇಲ್ಲಿಗಲ್ಲ.

ಬೆಳಕಿನ ಎದುರು ಬದಿಯ ಹೊಳ್ಳೆಗೆ ಹಾಕಬೇಕಾಗಿ ಬಂದರೆ ಲೆಕ್ಕ ಬೇರೆ. ಮೂಗಿನ ನೆರಳೇ ಅದರ ಮೇಲೆ ಬಿದ್ದಿರುತ್ತದೆ, ಬಾಗಿಲು ಗುಂಡಿಗೆ ಕಾಣುವುದೇ ಇಲ್ಲ. ಅಲ್ಲಿ ಚೂಪಾದ ಚುಕ್ಕೆ ಇಟ್ಟರೆ ಕೆಲಸವೆಲ್ಲ ಕೆಟ್ಟಿತು. ಆಚೆ ಗೋಡೆಯಿಂದ ಬಂದ ಮಂದ ಬೆಳಕಿನ ಒಂದು ಮಸುಕು ಛಾಯೆ, ತಾಗುವ ಗೆರೆ, ಅಷ್ಟೇ. ಗಿರಾಕಿಗೆ ಹೊಳಪು ಕಮ್ಮಿ ಅನ್ನಿಸುತ್ತದೆ, ಬೆಳಕಿನ ದಿಕ್ಕನ್ನು ತೋರಿಸಿ ಹೇಳಿದರೆ ಒಪ್ಪುತ್ತಾರೆ.

ಕಲ್ಲಿನ ಬೊಟ್ಟು, ನತ್ತು

ಗುಂಡು ಯಾವ ಕೋನದಿಂದ ನೋಡಿದರೂ ದುಂಡಗೆ. ಏಳು ಕಲ್ಲಿನ ಬೊಟ್ಟು ಹಾಗಲ್ಲ, ಅದು ಚಪ್ಪಟೆ. ಎದುರಿನಿಂದ ತೆಗೆದ ಮುಖದಲ್ಲಿ ಹೊಳ್ಳೆ ಪಕ್ಕಕ್ಕೆ ತಿರುಗಿರುತ್ತದೆ, ಹಾಗಾಗಿ ಬೊಟ್ಟು ಮೊಟ್ಟೆಯಾಕಾರಕ್ಕೆ ಕುಗ್ಗಿ ಕಾಣುತ್ತದೆ. ಹೊಳ್ಳೆ 50 ಡಿಗ್ರಿ ತಿರುಗಿದೆ ಎಂದಾದರೆ ಅಗಲ ಎತ್ತರದ 0.64 ಭಾಗ. ಐದು ಮಿಲಿಮೀಟರಿನ ಬೊಟ್ಟು 30 ಪಿಕ್ಸೆಲ್ ಎತ್ತರ, 19 ಪಿಕ್ಸೆಲ್ ಅಗಲ. ಅಂಗಡಿಯ ಜಾಹೀರಾತಿನಿಂದ ಇಳಿಸಿಕೊಂಡ ಪೂರ್ಣ ವೃತ್ತವನ್ನು ಹಾಗೇ ಇಟ್ಟಾಗ ಅದು ಮೂಗಿನಿಂದ ಹೊರಕ್ಕೆ ಚಾಚಿ ಕ್ಯಾಮೆರಾ ನೋಡುವುದು ಇದಕ್ಕೇ. ಕಲ್ಲಿಗೆ ಒಂದೇ ಮಿಂಚು ಇರುವುದಿಲ್ಲ. ಬಿಳಿ, ಬೂದು, ಕಪ್ಪು ಪಿಕ್ಸೆಲ್‌ಗಳು ಹೇಗೆಂದರೆ ಹಾಗೆ ಹರಡಿರುತ್ತವೆ. ಏಳೂ ಕಲ್ಲಿಗೆ ಒಂದೇ ಚುಕ್ಕೆಯನ್ನು ನಕಲು ಮಾಡಿ ಅಂಟಿಸಿದರೆ ಪ್ಲಾಸ್ಟಿಕ್ ಅನ್ನಿಸುತ್ತದೆ. ಎರಡು ಕಲ್ಲು ಜೋರಾಗಿ ಹೊಳೆದು, ಮೂರು ಮಂದವಾಗಿ, ಉಳಿದವು ಕಪ್ಪಗಿದ್ದರೆ ಅದೇ ನಿಜ.

ನತ್ತಿನಲ್ಲಿ ತಂತಿ 20 ಗೇಜ್ ಇದ್ದರೆ ದಪ್ಪ 0.8 ಮಿಲಿಮೀಟರ್, ನಮ್ಮ ಲೆಕ್ಕದಲ್ಲಿ ಐದು ಪಿಕ್ಸೆಲ್. ಹೊಳ್ಳೆಯೊಳಗೆ ಹೋಗುವ ಭಾಗವನ್ನು ಮಾಸ್ಕಿನಿಂದ ಅಳಿಸಬೇಕು, ಒಳಹೊಗುವ ಕಡೆ ಗಾಢ ಮಾಡಬೇಕು. ಮಿಂಚು ಇಲ್ಲಿ ಎರಡು ಕಡೆ ಬರುತ್ತದೆ: ಬೆಳಕಿನ ಬದಿಯಲ್ಲಿ ಬಳೆಯ ಹೊರಮೈಗೆ, ಎದುರು ಬದಿಯಲ್ಲಿ ಒಳಮೈಗೆ. ಎರಡನೆಯದನ್ನು ಮರೆತರೆ ನತ್ತು ಚಪ್ಪಟೆ ತಗಡಿನ ಹಾಗೆ ಕಾಣುತ್ತದೆ. ಒತ್ತು ಬೀಳುವುದು ಎರಡು ಜಾಗಕ್ಕೆ. ಹೊಳ್ಳೆಯ ಕೆಳ ಅಂಚಿನಲ್ಲಿ ತಂತಿ ತಾಗುವ ಕಡೆ ಒಂದು ಪಿಕ್ಸೆಲ್ಲಿನ ಕಚ್ಚು, ಮೇಲೆ ತೂತಿನ ಕಡೆ ಭಾರಕ್ಕೆ ಕೆಳಕ್ಕೆ ಜಗ್ಗಿದ ಸಣ್ಣ ಗೆರೆ.

ಹೊಂದಿಸಿ, ಪ್ರಿಂಟಿಗೆ

ಕೊನೆಗೆ ಬೊಟ್ಟಿನ ಚೂಪು ಫೋಟೊದ ಚೂಪಿಗೆ ಸಮ ಆಗಬೇಕು. ಕಣ್ಣಿನ ಮಿಂಚಿನ ಅಂಚು ಬಿಳಿಯಿಂದ ಕಪ್ಪಿಗೆ ಹೋಗಲು ಎಷ್ಟು ಪಿಕ್ಸೆಲ್ ತೆಗೆದುಕೊಂಡಿದೆ ನೋಡಿ. ಮೂರು ಇದ್ದರೆ ಬೊಟ್ಟಿನ ಅಂಚಿಗೂ ಮೂರು. ಅಷ್ಟು ಬರುವವರೆಗೆ Gaussian Blur ಸ್ವಲ್ಪ ಸ್ವಲ್ಪವೇ ಕೊಡಿ. ಚರ್ಮದಲ್ಲಿ ಫೋನಿನ ಕಾಳುಕಾಳು ಇದ್ದು ಬೊಟ್ಟು ಮಾತ್ರ ನುಣ್ಣಗಿದ್ದರೂ ಸಿಕ್ಕಿಬೀಳುತ್ತದೆ. Add Noise ನಲ್ಲಿ Monochromatic ಗುರುತು ಹಾಕಿ ಎರಡರಿಂದ ಮೂರು ಪರ್ಸೆಂಟ್ ಸಾಮಾನ್ಯವಾಗಿ ಸಾಕು. ಚಿಕ್ಕ ಫೋಟೊವನ್ನು ಹಿಗ್ಗಿಸಿ ಪ್ರಿಂಟ್ ತೆಗೆಯುವುದಿದ್ದರೆ ಮೊದಲು ಹಿಗ್ಗಿಸಿ, ಆಮೇಲೆ ಬೊಟ್ಟು ಕೂರಿಸಿ. ಚಿಕ್ಕದರಲ್ಲೇ ಕೂರಿಸಿ ಹಿಗ್ಗಿಸಿದರೆ ತಗ್ಗಿನ ಒಂದು ಪಿಕ್ಸೆಲ್ಲಿನ ಗೆರೆ ಹಿಗ್ಗಿ ಕಪ್ಪು ಉಂಗುರವಾಗಿ ಬಿಡುತ್ತದೆ.

ಪರೀಕ್ಷೆಗೆ ಫೋಟೊವನ್ನು ಕಪ್ಪು ಬಿಳುಪು ಮಾಡಿ ನೋಡುವುದು ಒಳ್ಳೆಯ ಉಪಾಯ. ಬಣ್ಣ ಹೋದ ಮೇಲೂ ಬೊಟ್ಟು ಕೂತಂತೆ ಕಂಡರೆ ಬೆಳಕು ನೆರಳು ಸರಿಯಿದೆ. ಅಲ್ಲಿ ತೇಲಿದರೆ ತೊಂದರೆ ಬಣ್ಣದ್ದಲ್ಲ, ತಗ್ಗಿನದು. ಆಮೇಲೆ ಮುಖದ ಭಾಗವನ್ನಷ್ಟೇ ಕತ್ತರಿಸಿ, ಅಳತೆ ಬದಲಿಸದೆ 4×6 ಕಾಗದದಲ್ಲಿ ಒಂದು ಪ್ರಿಂಟ್ ತೆಗೆಯಿರಿ. ಕಾಗದದ ಮೇಲೆ ನಮ್ಮ ಗುಂಡು ಎರಡು ಮಿಲಿಮೀಟರ್, ಅದರ ಸುತ್ತಲಿನ ತಗ್ಗು ಕಾಲು ಮಿಲಿಮೀಟರ್. ಗೋಡೆಗೆ ಹಾಕಿದ ಮೇಲೆ ಒಂದು ಮೀಟರ್ ದೂರದಿಂದ ಕಾಲು ಮಿಲಿಮೀಟರನ್ನು ಕಣ್ಣು ಬೇರೆಯಾಗಿ ಗುರುತಿಸಲಾರದು, ಬೊಟ್ಟು ಮೆತ್ತಗೆ ಕೂತಿದೆ ಅಂತಷ್ಟೇ ಅನ್ನಿಸುತ್ತದೆ. ಆದರೆ ಅಂಗಡಿಯಲ್ಲಿ ಕೈಗೆ ಕೊಟ್ಟಾಗ ಮಗಳು ಅದನ್ನು ಗೇಣುದ್ದದಲ್ಲಿ ಹಿಡಿದು ನೋಡುತ್ತಾಳೆ, ಅಲ್ಲಿ ಎಲ್ಲವೂ ಕಾಣುತ್ತದೆ. ಪ್ರಿಂಟಿನಲ್ಲಿ ನೆರಳು ಸ್ಕ್ರೀನಿಗಿಂತ ಗಾಢವಾಗಿ ಬರುವುದು ಸಾಮಾನ್ಯ. ಹಾಗೆ ಬಂದರೆ ಮೂರು ನೆರಳಿನ ಲೇಯರಿನ Opacity ಐದೈದು ಇಳಿಸಿ.

ಲೇಯರುಗಳನ್ನು ಒಂದುಮಾಡದೆ ಫೈಲನ್ನು ಹಾಗೆಯೇ ಇಟ್ಟುಕೊಳ್ಳಿ. ಆರಾಧನೆ ಮುಗಿದ ವಾರದೊಳಗೆ ತವರಿನವರೊಬ್ಬರು ಬಂದು, "ನಮ್ಮಕ್ಕಂದು ಇಷ್ಟು ಸಣ್ಣದಿರಲಿಲ್ಲರಿ, ಸ್ವಲ್ಪ ದೊಡ್ಡದು ಹಾಕಿ ಇನ್ನೊಂದು ಕಾಪಿ ಕೊಡ್ರಿ" ಎನ್ನುವುದು ಉಂಟು. ಆಗ ಗುಂಡನ್ನು ಹಿಗ್ಗಿಸಿದರೆ ಸಾಲದು. ದೊಡ್ಡ ಬೊಟ್ಟಿಗೆ ನೆರಳೂ ಅದಕ್ಕೆ ತಕ್ಕಂತೆ ಉದ್ದವಾಗಬೇಕು, ತಾಗುವ ಗೆರೆ ಮಾತ್ರ ಅದೇ ಒಂದು ಪಿಕ್ಸೆಲ್ ಇರಬೇಕು.